ಮಡಿಕೆಯಲ್ಲಿ ಸಿಕ್ಕಿಬಿದ್ದ ಸಾಲು

ಮೆಡಿಕಲ್ ಶಾಪಿನಲ್ಲಿ ಹತ್ತು ಮಾತ್ರೆ ಕೇಳಿದರೆ ಅಂಗಡಿಯವರು ಡಬ್ಬಿಯಿಂದ ಒಂದು ಪಟ್ಟಿ ಎಳೆದು ಕೊಡುತ್ತಾರೆ. ಐದೇ ಸಾಕು ಎಂದರೆ ಪಟ್ಟಿಯನ್ನು ಕತ್ತರಿಸಿ ಪುಟ್ಟ ಕಾಗದದ ಕವರಿಗೆ ಹಾಕುತ್ತಾರೆ. ಒಂದು ಡಬ್ಬಿಯಲ್ಲಿ ಸಾಮಾನ್ಯವಾಗಿ ಹತ್ತು ಪಟ್ಟಿಗಳಿರುತ್ತವೆ; ಔಷಧದ ಮಾಹಿತಿ ಹಾಳೆ ಇದ್ದರೆ ಒಂದೇ ಒಂದು ಇರುತ್ತದೆ. ಹತ್ತು ಗಿರಾಕಿಗಳಲ್ಲಿ ಯಾರೂ ಅದನ್ನು ಕೇಳುವುದಿಲ್ಲ, ಕೊನೆಗೆ ಅದು ಖಾಲಿ ಡಬ್ಬಿಯ ಜೊತೆ ರದ್ದಿಗೆ ಹೋಗುತ್ತದೆ. ಕೇಳಿದವರಿಗೆ ಮಾತ್ರ ಅಂಗಡಿಯವರು ಹಾಳೆಯನ್ನು ಬಿಚ್ಚಿ, 'ಫೋಟೋ ತಗೊಂಡು ವಾಪಸ್ ಕೊಡಿ' ಎನ್ನುತ್ತಾರೆ. ನಮ್ಮಲ್ಲಿ ಈ ಹಾಳೆಯನ್ನು ಓದುವ ಹೆಚ್ಚಿನವರು ಓದುವುದು ಹೀಗೆ, ಮೊಬೈಲಿನ ಪರದೆಯಲ್ಲಿ, ಅದೂ ಹಲವು ಸಲ ಬೇರೆ ಊರಿನಲ್ಲಿರುವ ಮಗನೋ ಮಗಳೋ ಅಪ್ಪ ಅಮ್ಮನ ಪರವಾಗಿ.

ಆ ಹಾಳೆಯನ್ನು ಬರೆದಿರುವುದು ಇವರಿಗಾಗಿ ಅಲ್ಲ. ಬ್ರಿಟನ್ನಿನಲ್ಲಿ ಅಥವಾ ಜರ್ಮನಿಯಲ್ಲಿ ಇರುವ ಕನ್ನಡಿಗರು ಮಾತ್ರೆ ಕೊಂಡರೆ ಡಬ್ಬಿಯೊಳಗೆ ರೋಗಿಗೆಂದೇ ಬರೆದ ಹಾಳೆ ಇರಲೇಬೇಕು. ಯುರೋಪಿನಲ್ಲಿ 1992ರಿಂದ ಅದು ಕಾನೂನು. ಅಲ್ಲಿ ಶೀರ್ಷಿಕೆಗಳೇ 'ನೀವು ಈ ಮಾತ್ರೆ ತೆಗೆದುಕೊಳ್ಳುವ ಮುಂಚೆ' ಎಂಬ ಧಾಟಿಯಲ್ಲಿರುತ್ತವೆ. ನಮ್ಮ ಬಹುಪಾಲು ಹಾಳೆಗಳ ತಲೆಯ ಮೇಲೆ 'ನೋಂದಾಯಿತ ವೈದ್ಯರು, ಆಸ್ಪತ್ರೆ ಅಥವಾ ಪ್ರಯೋಗಾಲಯದ ಬಳಕೆಗೆ ಮಾತ್ರ' ಎಂಬರ್ಥದ ಸಾಲು ಇಂಗ್ಲಿಷಿನಲ್ಲಿ ಇರುತ್ತದೆ. ಹಾಗೆಂದು ಓದಬಾರದು ಎಂದೇನಿಲ್ಲ. ಆದರೆ ಓದುವಾಗ ಇದು ವೈದ್ಯರಿಗೆ ಬರೆದ ಕಾಗದ, ಇದರಲ್ಲಿ 'ರೋಗಿ' ಎಂದರೆ ಪುಸ್ತಕದ ರೋಗಿ, ನಮ್ಮಮ್ಮ ಅಲ್ಲ ಎಂಬ ಎಚ್ಚರ ಇರಬೇಕಾಗುತ್ತದೆ. ಆ ಪುಸ್ತಕದ ರೋಗಿಯನ್ನು ನಮ್ಮಮ್ಮನಿಗೆ ಹೊಂದಿಸುವುದೇ ಓದಿನ ಮುಖ್ಯ ಕೆಲಸ.

ಒಂದು ಮಾತ್ರೆಯನ್ನೇ ಹಿಡಿದು ನೋಡಬಹುದು. ಡೈಕ್ಲೋಫೆನಾಕ್ ಎಲ್ಲರಿಗೂ ಗೊತ್ತಿರುವ ನೋವಿನ ಮಾತ್ರೆ. ಮಂಡಿ ನೋವು, ಸೊಂಟ ನೋವು, ಹಲ್ಲು ಕಿತ್ತ ಮೇಲಿನ ನೋವು ಎಲ್ಲಕ್ಕೂ ಬರೆಯುತ್ತಾರೆ. ಅದರ ಹಾಳೆಯ ಎರಡೂ ಬದಿಯಲ್ಲಿ ಇರುವೆ ಸಾಲಿನಂಥ ಅಕ್ಷರ. ಅರಸೀಕೆರೆಯ ಕಡೆಯ ಅರವತ್ತಾರು ವರ್ಷದ ಒಬ್ಬ ತಾಯಿಯನ್ನು ಕಲ್ಪಿಸಿಕೊಳ್ಳೋಣ. ಇಂಥವರು ಯಾವ ಊರಿನಲ್ಲೂ ಸಿಗುತ್ತಾರೆ. ಮಂಡಿ ಸವೆತಕ್ಕೆ ಮೂಳೆ ಡಾಕ್ಟರು 50 ಮಿಲಿಗ್ರಾಂ ಡೈಕ್ಲೋಫೆನಾಕ್ ಮಾತ್ರೆಯನ್ನು ದಿನಕ್ಕೆ ಎರಡರಂತೆ ಹತ್ತು ದಿನಕ್ಕೆ ಬರೆದಿದ್ದಾರೆ. ತಾಯಿಗೆ ಬಿಪಿ ಇದೆ. ಟೆಲ್ಮಿಸಾರ್ಟನ್ ಮತ್ತು ಹೈಡ್ರೋಕ್ಲೋರೋಥಯಾಜೈಡ್ ಸೇರಿದ ಒಂದು ಮಾತ್ರೆ ದಿನಾ ಬೆಳಿಗ್ಗೆ. ಮೂರು ವರ್ಷದ ಹಿಂದೆ ಹೃದಯಕ್ಕೆ ಸ್ಟೆಂಟ್ ಹಾಕಿಸಿದ್ದಾರೆ, ಅದಕ್ಕೆ ರಾತ್ರಿ 75 ಮಿಲಿಗ್ರಾಂ ಆಸ್ಪಿರಿನ್. ಮೂಳೆ ಡಾಕ್ಟರ ಹತ್ತಿರ ಮಂಡಿಯ ಮಾತು ಮಾತ್ರ ಆಗಿದೆ. ಮಗಳು ಬೆಂಗಳೂರಿನಲ್ಲಿ. ಅವಳ ಮೊಬೈಲಿಗೆ ಹಾಳೆಯ ಫೋಟೋ ಬಂದಿದೆ.

ಆ ಮೊದಲ ಫೋಟೋ ಹೇಗಿರುತ್ತದೆಂದು ಊಹಿಸುವುದು ಕಷ್ಟವಲ್ಲ. ಟ್ಯೂಬ್‌ಲೈಟಿನ ಕೆಳಗೆ ಕೈಯಲ್ಲಿ ಹಿಡಿದು ತೆಗೆದದ್ದು. ಹಾಳೆ ಎಂಟು ಮಡಿಕೆಯದು, ಮಡಿಕೆ ಬಿದ್ದ ಕಡೆ ಒಂದು ಸಾಲು ನೆರಳಿನಲ್ಲಿ ಮುಳುಗಿದೆ. ಹಿಂಬದಿಯ ಅಕ್ಷರಗಳು ಮುಂಬದಿಯ ಅಕ್ಷರಗಳ ನಡುವೆ ತಿರುಗುಮುರುಗಾಗಿ ಇಣುಕುತ್ತಿವೆ. ಈ ಹಾಳೆಗಳ ಕಾಗದ ನಾವು ಪ್ರಿಂಟರಿಗೆ ಹಾಕುವ ಕಾಗದಕ್ಕಿಂತ ಎಷ್ಟೋ ತೆಳು, ಹಿಂಬದಿಯ ಮಸಿ ಕಾಣಿಸದೆ ಇರುವುದಿಲ್ಲ. ಮೇಲಾಗಿ ವಾಟ್ಸಾಪಿನಲ್ಲಿ ಮಾಮೂಲಿಯಾಗಿ ಕಳಿಸಿದ ಫೋಟೋ ಹಿಂಡಿ ಚಿಕ್ಕದಾಗಿಯೇ ತಲುಪುತ್ತದೆ. ಮುಖ ಗುರುತಿಸಲು ಅಷ್ಟು ಸಾಕು. ಎಳ್ಳಿನಷ್ಟಿರುವ ಅಕ್ಷರಕ್ಕೆ ಸಾಲದು.

ಪರಿಹಾರ ಸರಳವೇ. ಹಾಳೆಯನ್ನು ದಪ್ಪ ಪುಸ್ತಕದ ಕೆಳಗೆ ಸ್ವಲ್ಪ ಹೊತ್ತು ಇಟ್ಟರೆ ಮಡಿಕೆ ತಗ್ಗುತ್ತದೆ. ಆಮೇಲೆ ಅದನ್ನು ಕಪ್ಪು ಬಟ್ಟೆಯ ಮೇಲೋ ಕಪ್ಪು ಫೈಲಿನ ಮೇಲೋ ಹಾಸಬೇಕು. ಬಿಳಿ ಮೇಜಿನ ಮೇಲಿಟ್ಟರೆ ಕಾಗದವನ್ನು ಹಾದುಹೋದ ಬೆಳಕು ಮೇಜಿಗೆ ತಾಗಿ ಹಿಂದಿರುಗುವಾಗ ಹಿಂಬದಿಯ ಅಕ್ಷರದ ನೆರಳನ್ನೂ ಹೊತ್ತು ತರುತ್ತದೆ. ಕಪ್ಪು ಆ ಬೆಳಕನ್ನು ನುಂಗಿಬಿಡುತ್ತದೆ. ಫ್ಲ್ಯಾಶ್ ಬೇಡ, ಹಗಲಿನಲ್ಲಿ ಕಿಟಕಿಯ ಹತ್ತಿರದ ಬೆಳಕು ಸಾಕು. ಮೊದಲು ಇಡೀ ಹಾಳೆಯ ಒಂದು ಫೋಟೋ ತೆಗೆದುಕೊಳ್ಳಬೇಕು, ಯಾವ ಅಂಕಣದ ನಂತರ ಯಾವುದು ಎಂದು ಗೊತ್ತಾಗಲು. ಆಮೇಲೆ ಹತ್ತಿರದಿಂದ ತುಂಡು ತುಂಡಾಗಿ ತೆಗೆಯುತ್ತಾ ಹೋಗಬೇಕು, ಒಂದು ಫೋಟೋದ ಕೊನೆಯ ನಾಲ್ಕು ಸಾಲು ಮುಂದಿನ ಫೋಟೋದಲ್ಲೂ ಬರುವಂತೆ. ಕಳಿಸುವಾಗ ಫೋಟೋ ಎಂದು ಕಳಿಸದೆ ಡಾಕ್ಯುಮೆಂಟ್ ಎಂದು ಕಳಿಸಿದರೆ ತೆಗೆದ ಹಾಗೆಯೇ ತಲುಪುತ್ತದೆ. ಇನ್ನೊಂದು ಫೋಟೋ ಮರೆಯಬಾರದು: ಮಾತ್ರೆಯ ಪಟ್ಟಿಯ ಬೆನ್ನಿನದು.

"ಅಮ್ಮಾ, ಮಾತ್ರೆ ಪಟ್ಟಿ ಹಿಂದ್ಗಡೆ ಏನು ಬರ್ದಿದೆ, ಅದನ್ನೂ ಕಳ್ಸು."

"ಅದ್ಯಾಕೆ, ಹಾಳೆ ಕಳ್ಸಿದ್ನಲ್ಲೇ."

ಯಾಕೆಂದರೆ ಹಾಳೆ ಆ ಮಾತ್ರೆಯದೇ ಎಂದು ಮೊದಲು ಖಾತ್ರಿಯಾಗಬೇಕು. ಡೈಕ್ಲೋಫೆನಾಕ್ ಒಂದೇ ರೂಪದಲ್ಲಿ ಬರುವುದಿಲ್ಲ. ಸೋಡಿಯಂ ಲವಣ, ಪೊಟ್ಯಾಸಿಯಂ ಲವಣ, ಹೊಟ್ಟೆಯಲ್ಲಿ ಕರಗದೆ ಕರುಳಿನಲ್ಲಿ ಕರಗುವ ಮಾತ್ರೆ, ದಿನವಿಡೀ ನಿಧಾನವಾಗಿ ಕರಗುವ 100 ಮಿಲಿಗ್ರಾಂ ಮಾತ್ರೆ, ಪ್ಯಾರಾಸಿಟಮಾಲ್ ಬೆರೆಸಿದ್ದು, ಸ್ನಾಯು ಸಡಿಲಿಸುವ ಇನ್ನೊಂದು ಔಷಧವನ್ನೂ ಬೆರೆಸಿದ್ದು ಎಲ್ಲ ಇವೆ. ಒಂದೇ ಕಂಪನಿಯ ಹೆಸರಿನ ಕೊನೆಗೆ ಎರಡು ಅಕ್ಷರ ಸೇರಿದರೆ ಒಳಗಿನ ಸರಕೇ ಬೇರೆ. ಪಟ್ಟಿಯ ಬೆನ್ನಿನ ಮೇಲೆ 'ಪ್ರತಿ ಮಾತ್ರೆಯಲ್ಲಿ' ಎಂದು ಶುರುವಾಗುವ ಸಾಲನ್ನೂ ಹಾಳೆಯ ಮೊದಲಿನ 'ಸಂಯೋಜನೆ' ಎಂಬ ಭಾಗವನ್ನೂ ಪಕ್ಕಪಕ್ಕ ಇಟ್ಟು, ಔಷಧದ ಹೆಸರು, ಲವಣ, ಮಿಲಿಗ್ರಾಂ ಎಲ್ಲವೂ ತಾಳೆಯಾದರೆ ಮಾತ್ರ ಮುಂದೆ ಓದುವುದರಲ್ಲಿ ಅರ್ಥವಿದೆ. ಪ್ಯಾರಾಸಿಟಮಾಲ್ ಬೆರೆತಿದೆ ಎಂದು ಇಲ್ಲೇ ಕಂಡುಕೊಂಡರೆ, ಅದೇ ದಿನ ಜ್ವರಕ್ಕೆಂದು ಇನ್ನೊಂದು ಪ್ಯಾರಾಸಿಟಮಾಲ್ ನುಂಗುವುದು ತಪ್ಪುತ್ತದೆ. ಪಟ್ಟಿಯ ಮೇಲೋ ಡಬ್ಬಿಯ ಮೇಲೋ ಇರುವ ಕ್ಯೂಆರ್ ಕೋಡ್ ಇದಕ್ಕೆ ನೆರವಾಗಬಹುದು. 2023ರ ಆಗಸ್ಟ್‌ನಿಂದ ಹೆಚ್ಚು ಮಾರಾಟವಾಗುವ 300 ಬ್ರಾಂಡುಗಳಿಗೆ ಅದು ಕಡ್ಡಾಯ. ಆದರೆ ಅದರಲ್ಲಿ ಹೆಸರು, ತಯಾರಕರು, ಬ್ಯಾಚ್, ದಿನಾಂಕ ಇಷ್ಟನ್ನು ಕೊಡಬೇಕೆಂದು ನಿಯಮ ಹೇಳುತ್ತದೆಯೇ ಹೊರತು ಹಾಳೆಯಲ್ಲಿರುವ ಎಚ್ಚರಿಕೆಗಳನ್ನಲ್ಲ.

'ಇಂಡಿಕೇಷನ್ಸ್' ಎಂಬುದು ಉಪಯೋಗಗಳ ಭಾಗ. ಚಿಕ್ಕದು, ಬೇಗ ಮುಗಿಯುತ್ತದೆ. ಸಂಧಿವಾತ, ಮಂಡಿಯಂಥ ಕೀಲುಗಳ ಸವೆತ, ಗೌಟ್, ಪೆಟ್ಟಿನ ನಂತರದ ನೋವು ಊತ, ಮುಟ್ಟಿನ ನೋವು ಮುಂತಾಗಿ ಹೆಸರುಗಳಿರುತ್ತವೆ. ತಾಯಿಯ ತೊಂದರೆ ಆಸ್ಟಿಯೋ ಆರ್ಥ್ರೈಟಿಸ್, ಪಟ್ಟಿಯಲ್ಲಿದೆ. ಇಲ್ಲಿ ಗಮನಿಸಬೇಕಾದ್ದು ಒಂದೇ: ಉಪಯೋಗಗಳು ಹಲವಿದ್ದಾಗ ಡೋಸಿನ ಭಾಗದಲ್ಲಿ ಒಂದೊಂದಕ್ಕೂ ಬೇರೆ ಬೇರೆ ಪ್ರಮಾಣ ಇರಬಹುದು. ಮುಟ್ಟಿನ ನೋವಿಗೆ ಹೇಳಿದ ಡೋಸನ್ನು ಮಂಡಿಗೆ ಓದಿಕೊಂಡು ಡಾಕ್ಟರು ಕಡಿಮೆ ಬರೆದರು, ಜಾಸ್ತಿ ಬರೆದರು ಎಂದು ಗಾಬರಿಯಾಗುವವರಿದ್ದಾರೆ. ಇನ್ನು ಬರೆದ ಕಾಯಿಲೆ ಈ ಭಾಗದಲ್ಲಿ ಇಲ್ಲವೆಂದ ಮಾತ್ರಕ್ಕೆ ಡಾಕ್ಟರು ತಪ್ಪಿದರು ಎಂದೂ ಅಲ್ಲ. ಅನುಮತಿ ಪಡೆದ ಉಪಯೋಗವಷ್ಟೇ ಹಾಳೆಯಲ್ಲಿ ಅಚ್ಚಾಗುತ್ತದೆ. ಅನುಭವದ ಆಧಾರದ ಮೇಲೆ ವೈದ್ಯರು ಅದರಾಚೆಗೂ ಬರೆಯುವುದುಂಟು. 'ಇದು ಯಾಕೆ ಬರೆದಿರಿ ಡಾಕ್ಟ್ರೇ' ಎಂದು ಕೇಳಲು ಅದು ಕಾರಣವಾಗಬಹುದು, ಮಾತ್ರೆ ಬಿಸಾಡಲು ಅಲ್ಲ.

ನಿಜವಾಗಿ ಕೂತು ಓದಬೇಕಾದ್ದು 'ಕಾಂಟ್ರಾಇಂಡಿಕೇಷನ್ಸ್', ಯಾರಿಗೆ ಕೊಡಲೇಬಾರದು ಎಂಬ ಭಾಗ. ಹೆಚ್ಚಿನವರು ಇದನ್ನು ದಾಟಿ ನೇರವಾಗಿ ಅಡ್ಡಪರಿಣಾಮಗಳಿಗೆ ಹೋಗುತ್ತಾರೆ, ಯಾಕೆಂದರೆ ಹೆದರಿಸುವ ಹೆಸರುಗಳಿರುವುದು ಅಲ್ಲಿ. ಇದು ತಲೆಕೆಳಗಾದ ಕ್ರಮ. ಅಡ್ಡಪರಿಣಾಮ ಆದರೂ ಆಗಬಹುದು, ಆಗದೆಯೂ ಇರಬಹುದು, ಯಾರಿಗೆ ಎಂದು ಮುಂಚೆ ಹೇಳಲಾಗದು. ನಿಷೇಧದ ಭಾಗದಲ್ಲಿರುವುದು ಈ ಹೊತ್ತಿಗೇ ಹೌದು ಅಥವಾ ಅಲ್ಲ ಎಂದು ಹೇಳಬಹುದಾದ ಸಂಗತಿ. ಮೊದಲ ಮಾತ್ರೆ ನುಂಗುವ ಮುಂಚೆ ಮನೆಯವರೇ ಉತ್ತರಿಸಬಲ್ಲ ಪ್ರಶ್ನೆಗಳು ಅಲ್ಲಿವೆ.

ಡೈಕ್ಲೋಫೆನಾಕ್ ಹಾಳೆಯಲ್ಲಿ ಆ ಭಾಗ ಸುಮಾರಾಗಿ ಹೀಗೆ ಸಾಗುತ್ತದೆ. ಈ ಔಷಧಕ್ಕೆ ಅಲರ್ಜಿ ಇದ್ದವರಿಗೆ ಬೇಡ. ಹೊಟ್ಟೆಯಲ್ಲಿ ಈಗ ಹುಣ್ಣು ಅಥವಾ ರಕ್ತಸ್ರಾವ ಇದ್ದವರಿಗೆ ಬೇಡ; ಹಿಂದೆ ಮತ್ತೆ ಮತ್ತೆ ಆಗಿದ್ದವರಿಗೂ ಬೇಡ. ಆಸ್ಪಿರಿನ್ ಅಥವಾ ಇಂಥದೇ ನೋವಿನ ಮಾತ್ರೆ ನುಂಗಿದಾಗ ಉಬ್ಬಸ, ಪಿತ್ತಗಂಧೆ ಅಥವಾ ಮೂಗಿನ ಸೋರಿಕೆ ಕೆರಳಿದವರಿಗೆ ಬೇಡ. ಗರ್ಭದ ಕೊನೆಯ ಮೂರು ತಿಂಗಳಲ್ಲಿ ಬೇಡ. ಲಿವರ್, ಕಿಡ್ನಿ ಅಥವಾ ಹೃದಯ ತೀವ್ರವಾಗಿ ಸೋತವರಿಗೆ ಬೇಡ. ಹೊಸ ಹಾಳೆಗಳಲ್ಲಿ ಇನ್ನೊಂದು ಸಾಲು ಸೇರಿರುತ್ತದೆ: ಹೃದಯದ ರಕ್ತನಾಳದ ಕಾಯಿಲೆ, ಕೈಕಾಲಿನ ರಕ್ತನಾಳದ ಕಾಯಿಲೆ, ಮೆದುಳಿನ ರಕ್ತನಾಳದ ಕಾಯಿಲೆ ಖಚಿತವಾಗಿರುವವರಿಗೆ ಬೇಡ.

ಈ ಸಾಲುಗಳಲ್ಲಿ ಪ್ರಾಣವಿರುವುದು ವಿಶೇಷಣಗಳಲ್ಲಿ. 'ತೀವ್ರ', 'ಈಗ ಇರುವ', 'ಮತ್ತೆ ಮತ್ತೆ', 'ಇದರಿಂದಲೇ ಕೆರಳಿದ'. ಉಬ್ಬಸದ ಸಾಲನ್ನೇ ತೆಗೆದುಕೊಳ್ಳಿ. ಫೋಟೋದಲ್ಲಿ ಮಡಿಕೆ ಸರಿಯಾಗಿ ಆ ಸಾಲಿನ ಮೊದಲರ್ಧದ ಮೇಲೆ ಬಿದ್ದರೆ ಕಾಣುವುದು 'ಆಸ್ತಮಾ' ಎಂಬ ಒಂದು ಪದ ಮಾತ್ರ. ಮನೆಯಲ್ಲಿ ಪಂಪ್ ಬಳಸುವವರೆಲ್ಲ ಈ ಮಾತ್ರೆ ಮುಟ್ಟಲೇಬಾರದು ಎಂಬ ತೀರ್ಮಾನಕ್ಕೆ ಬರುವುದು ಸುಲಭ. ಸಾಲು ಹೇಳುತ್ತಿರುವುದು ಆಸ್ಪಿರಿನ್ ಥರದ ಮಾತ್ರೆಯಿಂದ ಉಬ್ಬಸ ಕೆರಳಿದವರ ಬಗ್ಗೆ. ಉಳಿದ ಉಬ್ಬಸದವರ ವಿಷಯ ಮುಂದಿನ 'ಎಚ್ಚರಿಕೆಗಳು' ಭಾಗದಲ್ಲಿ ಬೇರೆಯಾಗಿ ಬರುತ್ತದೆ. ತದ್ವಿರುದ್ಧ ತಪ್ಪೂ ಆಗುತ್ತದೆ. ಇಂಗ್ಲಿಷಿನಲ್ಲಿ 'ಕೊಡಬಾರದು' ಎಂಬುದರ ನಿಷೇಧ ಮೂರಕ್ಷರದ 'ನಾಟ್' ಎಂಬ ಪದದಲ್ಲಿದೆ; ಅದು ನೆರಳಿನಲ್ಲಿ ಮಾಯವಾದರೆ ವಾಕ್ಯ ವ್ಯಾಕರಣಬದ್ಧವಾಗಿಯೇ ಉಳಿದು ಉಲ್ಟಾ ಅರ್ಥ ಕೊಡುತ್ತದೆ. ಓದುಗರಿಗೆ ಅನುಮಾನವೇ ಬರುವುದಿಲ್ಲ. ಆದ್ದರಿಂದ ಈ ಭಾಗದಲ್ಲಿ ಒಂದು ಸಾಲು ಮಸುಕಾಗಿದ್ದರೂ ಊಹಿಸಬಾರದು, ಆ ತುಂಡನ್ನು ಮತ್ತೆ ತೆಗೆಸಬೇಕು. ಭಾಗ ಎಲ್ಲಿ ಮುಗಿಯಿತೆಂದು ತಿಳಿಯುವುದೂ ಅಷ್ಟೇ ಮುಖ್ಯ. ಮುಂದಿನ ದಪ್ಪಕ್ಷರದ ಶೀರ್ಷಿಕೆ ಕಾಣದಿದ್ದರೆ ಪಟ್ಟಿ ಇನ್ನೂ ಮುಂದಿನ ಅಂಕಣದ ತಲೆಯಲ್ಲಿ ಬಾಕಿ ಇದೆ ಎಂದೇ ತಿಳಿಯಬೇಕು.

ಈಗ ತಾಯಿಯ ಕಡೆ ತಿರುಗಿದರೆ ನಿಜವಾದ ತೊಡಕು ಎದುರಾಗುತ್ತದೆ. ಮಗಳು ಸಾಲು ಸಾಲಾಗಿ ಓದುತ್ತಾಳೆ. ಅಲರ್ಜಿ ಇಲ್ಲ. ಹುಣ್ಣು ಆಗಿಲ್ಲ. ಉಬ್ಬಸ ಇಲ್ಲ. ಕಿಡ್ನಿ, ಲಿವರ್ ಚೆನ್ನಾಗಿದೆ ಅಂದಿದ್ದರು. 'ಇಸ್ಕೀಮಿಕ್ ಹಾರ್ಟ್ ಡಿಸೀಸ್' ಎಂಬಲ್ಲಿ ಕಣ್ಣು ಒಂದು ಕ್ಷಣ ನಿಂತು ಮುಂದೆ ಹೋಗುತ್ತದೆ. ಯಾಕೆಂದರೆ ಅಮ್ಮನ ಕಾಯಿಲೆಗೆ ಆ ಹೆಸರಿದೆ ಎಂದು ಆ ಮನೆಯಲ್ಲಿ ಯಾರೂ ಕೇಳಿಲ್ಲ. ಅವರಿಗೆ ಗೊತ್ತಿರುವುದು 'ಸ್ಟೆಂಟ್ ಹಾಕಿದ್ದಾರೆ' ಎಂಬುದು. ಹೃದಯಕ್ಕೆ ರಕ್ತ ಒಯ್ಯುವ ನಾಳ ಕಟ್ಟಿಕೊಂಡಿದ್ದಕ್ಕೇ ಸ್ಟೆಂಟ್ ಹಾಕಿದ್ದು, ಆ ಕಟ್ಟಿಕೊಳ್ಳುವುದನ್ನೇ ಹಾಳೆ ಈ ಉದ್ದ ಹೆಸರಿನಿಂದ ಕರೆಯುತ್ತದೆ. ಹಾಳೆಯಲ್ಲಿ 'ಸ್ಟೆಂಟ್' ಎಂಬ ಪದ ಹುಡುಕಿದರೆ ಸಿಗದೇ ಹೋಗಬಹುದು; ನಿಷೇಧ ಮಾತ್ರ ಇದ್ದೇ ಇರುತ್ತದೆ. ಸ್ಟ್ರೋಕ್ ಆದವರ ಮನೆಯಲ್ಲೂ ಹೀಗೇ, ಅವರಿಗೆ 'ಸೆರೆಬ್ರೋವ್ಯಾಸ್ಕುಲರ್' ಎಂಬ ಸಾಲು ತಮ್ಮದೆಂದು ಹೊಳೆಯುವುದಿಲ್ಲ.

ಹೀಗಾಗಿ ಹಾಳೆಗೂ ಮುಂಚೆ ಓದಬೇಕಾದ ಇನ್ನೊಂದು ಕಾಗದವಿದೆ: ಆಸ್ಪತ್ರೆಯ ಡಿಸ್ಚಾರ್ಜ್ ಸಮ್ಮರಿ. ಅದರ ಮೊದಲ ಸಾಲುಗಳಲ್ಲಿ 'ಡಯಾಗ್ನೋಸಿಸ್' ಎಂದು ಬರೆದ ಹೆಸರುಗಳು ಹಾಳೆಯ ಭಾಷೆಯಲ್ಲೇ ಇರುತ್ತವೆ. ಎರಡನ್ನೂ ಪಕ್ಕಪಕ್ಕ ಇಟ್ಟರೆ ಹುಡುಕಾಟ ಸುಲಭ. ಸಮ್ಮರಿ ಸಿಗದಿದ್ದರೆ ದಿನಾ ನುಂಗುವ ಮಾತ್ರೆಗಳೇ ಸುಳಿವು. ಯಾರಾದರೂ ವರ್ಷಗಟ್ಟಲೆ 75 ಮಿಲಿಗ್ರಾಂ ಆಸ್ಪಿರಿನ್ ನುಂಗುತ್ತಿದ್ದಾರೆಂದರೆ ಅದರ ಹಿಂದೆ ಹೃದಯದ್ದೋ ಮೆದುಳಿನದೋ ರಕ್ತನಾಳದ ಕತೆ ಇರುವ ಸಾಧ್ಯತೆ ಹೆಚ್ಚು.

ಹಾಳೆ ಹಳೆಯದಾಗಿದ್ದರೆ ಈ ಸಾಲು ಕಾಣದೇ ಇರಬಹುದು. ಡೈಕ್ಲೋಫೆನಾಕ್ ಮಾರುಕಟ್ಟೆಯಲ್ಲಿ ದಶಕಗಳಿಂದಿದೆ. ಹೃದಯದ ಮೇಲೆ ಅದರ ಅಪಾಯದ ಲೆಕ್ಕ ಸ್ಪಷ್ಟವಾದ ಮೇಲೆ, 2013ರಲ್ಲಿ ಯುರೋಪಿನ ಔಷಧ ನಿಯಂತ್ರಕರು ಹೃದಯದ ರಕ್ತನಾಳದ ಕಾಯಿಲೆ, ಹೃದಯ ವೈಫಲ್ಯ, ಸ್ಟ್ರೋಕ್ ಇರುವವರಿಗೆ ಇದನ್ನು ಕೊಡಬಾರದು ಎಂದು ನಿಷೇಧದ ಪಟ್ಟಿಯನ್ನು ಹಿಗ್ಗಿಸಿದರು. ಅದಕ್ಕೂ ಮುಂಚಿನ ಪಠ್ಯವನ್ನೇ ಅಚ್ಚು ಹಾಕುತ್ತಿರುವ ಹಾಳೆಯಲ್ಲಿ 'ತೀವ್ರ ಹೃದಯ ವೈಫಲ್ಯ' ಎಂದಷ್ಟೇ ಇರುತ್ತದೆ, ಸ್ಟೆಂಟ್ ಹಾಕಿಸಿಕೊಂಡು ಆರಾಮಾಗಿ ಓಡಾಡುವ ತಾಯಿ ಆ ಜರಡಿಯಲ್ಲಿ ಸೋರಿಹೋಗುತ್ತಾರೆ. ಪಠ್ಯ ಯಾವ ಕಾಲದ್ದೆಂದು ಹೇಳುವ ಪರಿಷ್ಕರಣೆಯ ದಿನಾಂಕ ಹಾಳೆಯ ಕಟ್ಟಕಡೆಯಲ್ಲಿ, ಹೆಚ್ಚಾಗಿ ಹಿಂಬದಿಯ ಕೆಳಮೂಲೆಯಲ್ಲಿ, ತಯಾರಕರ ವಿಳಾಸದ ಹತ್ತಿರ ಇರುತ್ತದೆ. ಫೋಟೋ ತೆಗೆಯುವವರು ವಿಳಾಸವೆಂದು ಬಿಟ್ಟುಬಿಡುವ ಮೂಲೆ ಅದೇ.

ಈ ಔಷಧ ಮನುಷ್ಯರಿಗಿಂತ ದೊಡ್ಡ ಕೆಡುಕು ಮಾಡಿದ್ದು ರಣಹದ್ದುಗಳಿಗೆ. ಡೈಕ್ಲೋಫೆನಾಕ್ ಕೊಟ್ಟಿದ್ದ ದನಗಳ ಹೆಣ ತಿಂದು ಕಿಡ್ನಿ ಸೋತು ಅವು ಸಾಲುಸಾಲಾಗಿ ಸತ್ತ ಮೇಲೆ ಭಾರತದಲ್ಲಿ 2006ರಲ್ಲಿ ಪಶುಗಳಿಗೆ ಇದರ ಬಳಕೆ ನಿಷೇಧವಾಯಿತು. ರಾಮನಗರದ ರಾಮದೇವರಬೆಟ್ಟದಲ್ಲಿ ರಣಹದ್ದು ಧಾಮ ನೋಡಿ ಬಂದವರಿಗೆ ಈ ಕತೆ ಗೊತ್ತಿರಬಹುದು. ಹಕ್ಕಿಯ ದೇಹ ಬೇರೆ, ನಮ್ಮದು ಬೇರೆ. ಆ ಪ್ರಮಾಣದ ವಿಷ ನಮಗಲ್ಲ. ಆದರೂ ಕಿಡ್ನಿಯ ಮಾತು ಮನುಷ್ಯರ ಹಾಳೆಯಲ್ಲೂ ಇದೆ, ಅದು ಇರುವ ಜಾಗ ಮಾತ್ರ ಬೇರೆ.

ಆ ಜಾಗ 'ಡ್ರಗ್ ಇಂಟರಾಕ್ಷನ್ಸ್', ಬೇರೆ ಔಷಧಗಳ ಜೊತೆಗಿನ ನಂಟಿನ ಭಾಗ. ನಿಷೇಧದಲ್ಲಿ ಇಲ್ಲದ್ದು ಇಲ್ಲಿ ಸಿಗುತ್ತದೆ. ತಾಯಿಯ ಬಿಪಿ ಮಾತ್ರೆಯಲ್ಲಿ ಎರಡು ಔಷಧಗಳಿವೆ: ಒಂದು ರಕ್ತನಾಳ ಸಡಿಲಿಸುವಂಥದ್ದು, ಇನ್ನೊಂದು ಮೂತ್ರ ಹೆಚ್ಚಿಸುವಂಥದ್ದು. ಮೂತ್ರ ಹೆಚ್ಚಿದಾಗ ಮೈಯಲ್ಲಿ ನೀರು ಕಡಿಮೆಯಾಗುತ್ತದೆ. ಆಗ ಕಿಡ್ನಿ ಒಳಬರುವ ರಕ್ತನಾಳವನ್ನು ತೆರೆದಿಟ್ಟು, ಹೊರಹೋಗುವ ನಾಳವನ್ನು ಬಿಗಿಹಿಡಿದು ಶೋಧನೆಗೆ ಬೇಕಾದ ಒತ್ತಡ ಉಳಿಸಿಕೊಳ್ಳುತ್ತದೆ. ಟೆಲ್ಮಿಸಾರ್ಟನ್ ಆ ಬಿಗಿಯನ್ನು ಸಡಿಲಿಸುತ್ತದೆ, ಡೈಕ್ಲೋಫೆನಾಕ್ ಬಂದು ಒಳಬರುವ ನಾಳವನ್ನು ಕಿರಿದಾಗಿಸುತ್ತದೆ. ಮೂರೂ ಸೇರಿದರೆ ಕಿಡ್ನಿಗೆ ಉಪಾಯವೇ ಉಳಿಯುವುದಿಲ್ಲ. ವಾಂತಿ ಭೇದಿಯಾದ ದಿನ, ಬೇಸಿಗೆಯಲ್ಲಿ ನೀರು ಕುಡಿಯದೆ ತೋಟದಲ್ಲಿ ನಿಂತ ದಿನ ಇದು ಇನ್ನೂ ಅಪಾಯ. ಹಾಳೆಯಲ್ಲಿ ಇಷ್ಟು ವಿವರಿಸಿರುವುದಿಲ್ಲ, 'ವಯಸ್ಸಾದವರಲ್ಲಿ ಬಿಪಿ ಮತ್ತು ಕಿಡ್ನಿ ಗಮನಿಸಿ, ಸಾಕಷ್ಟು ನೀರಿನಂಶ ಇರಲಿ' ಎಂಬರ್ಥದ ಒಂದು ಸಾಲಿರುತ್ತದೆ. ಆಸ್ಪಿರಿನ್ ಜೊತೆ ಹೊಟ್ಟೆಯ ರಕ್ತಸ್ರಾವ ಹೆಚ್ಚಬಹುದೆಂಬ ಸಾಲೂ ಅಲ್ಲೇ.

ಅಲ್ಲಿಗೆ ಮಗಳ ಕೈಯಲ್ಲಿ ಮೂರು ಸಂಗತಿಗಳಾದವು: ಸ್ಟೆಂಟ್, ಬಿಪಿ ಮಾತ್ರೆ, ಆಸ್ಪಿರಿನ್. ಇವನ್ನು ಹಿಡಿದು ಅವಳು ಮಾಡಬೇಕಾದ್ದು ತೀರ್ಪು ಕೊಡುವುದಲ್ಲ, ಮಾತ್ರೆ ಶುರುಮಾಡುವ ಮುಂಚೆ ಬರೆದ ಡಾಕ್ಟರಿಗೆ ಫೋನ್ ಮಾಡುವುದು. 'ಹಾಳೆಯಲ್ಲಿ ಏನೇನೋ ಬರೆದಿದೆ, ಹೆದರಿಕೆ ಆಗುತ್ತೆ' ಎಂದರೆ ಯಾವ ಡಾಕ್ಟರೂ 'ಏನಾಗಲ್ಲ ತಗೊಳ್ಳಿ' ಎಂದೇ ಹೇಳಿಯಾರು. 'ಡಾಕ್ಟ್ರೇ, ಅಮ್ಮನಿಗೆ ಮೂರು ವರ್ಷದ ಹಿಂದೆ ಸ್ಟೆಂಟ್ ಹಾಕಿದ್ದಾರೆ, ಆಸ್ಪಿರಿನ್ 75 ತಗೊಳ್ತಿದ್ದಾರೆ, ಬಿಪಿಗೆ ಇಂಥ ಮಾತ್ರೆ ಇದೆ. ಹೋದ ಸಲ ಹೇಳೋದು ಮರೆತಿದ್ದೆವು. ಈ ನೋವಿನ ಮಾತ್ರೆ ಕೊಡಬಹುದಾ?' ಎಂದರೆ ಅರ್ಧ ನಿಮಿಷದಲ್ಲಿ ಉತ್ತರ ಸಿಗುತ್ತದೆ. ಬಹುಶಃ ಬೇರೆ ಮಾತ್ರೆ ಬರೆಯುತ್ತಾರೆ, ಅಥವಾ ಮಂಡಿಗೆ ಹಚ್ಚುವ ಜೆಲ್ ಸಾಕೆನ್ನುತ್ತಾರೆ. ಒಂದು ಮಾತು ಮಾತ್ರ ಗಟ್ಟಿ: ಹಾಳೆಯಲ್ಲಿ ಆಸ್ಪಿರಿನ್ ಹೆಸರು ಕಂಡಿತೆಂದು ಸ್ಟೆಂಟಿಗೆ ಕೊಟ್ಟ ಆಸ್ಪಿರಿನ್ನನ್ನು ಯಾರೂ ತಾವಾಗಿ ನಿಲ್ಲಿಸಬಾರದು. ಸ್ಟೆಂಟಿನೊಳಗೆ ರಕ್ತ ಹೆಪ್ಪುಗಟ್ಟದಂತೆ ಕಾಯುತ್ತಿರುವುದು ಅದೇ.

ಇನ್ನು ಅಡ್ಡಪರಿಣಾಮಗಳು. ಹಾಳೆಯ ಅತಿ ಉದ್ದದ ಭಾಗ, ಅತಿ ತಪ್ಪಾಗಿ ಓದುವ ಭಾಗವೂ ಹೌದು. ತಲೆನೋವಿನಿಂದ ಹಿಡಿದು ಹೃದಯಾಘಾತದವರೆಗೆ ಎಲ್ಲವೂ ಒಂದೇ ಗಾತ್ರದ ಅಕ್ಷರದಲ್ಲಿ, ಅಲ್ಪವಿರಾಮ ಹಾಕಿಕೊಂಡು ಸಾಲಾಗಿ ನಿಂತಿರುತ್ತವೆ. ಓದಿದವರಿಗೆ ಇದೆಲ್ಲ ಆಗುತ್ತದೆ ಎನಿಸುತ್ತದೆ. ಇದನ್ನು ಬಿಡಿಸುವ ಕೀಲಿ ಗುಂಪಿನ ಹೆಸರಿನಲ್ಲಿದೆ. ಅಂತಾರಾಷ್ಟ್ರೀಯ ರೂಢಿಯಂತೆ 'ಅತಿ ಸಾಮಾನ್ಯ' ಎಂದರೆ ಹತ್ತು ಜನರಲ್ಲಿ ಒಬ್ಬರಿಗೋ ಅದಕ್ಕಿಂತ ಹೆಚ್ಚು ಜನಕ್ಕೋ ಆದದ್ದು, ≥1/10. 'ಸಾಮಾನ್ಯ' ಎಂದರೆ ನೂರು ಜನರಲ್ಲಿ ಒಬ್ಬರಿಂದ ಹತ್ತು ಜನದವರೆಗೆ, ≥1/100, <1/10. 'ಅಸಾಮಾನ್ಯ' ಎಂದರೆ ಸಾವಿರದಲ್ಲಿ ಒಬ್ಬರಿಂದ ಹತ್ತು ಜನ. 'ಅಪರೂಪ' ಹತ್ತು ಸಾವಿರದಲ್ಲಿ ಒಬ್ಬರಿಂದ ಹತ್ತು ಜನ. 'ಅತಿ ಅಪರೂಪ' ಅದಕ್ಕೂ ಕಡಿಮೆ.

ಮಾತಿನಲ್ಲಿ 'ಸಾಮಾನ್ಯ' ಎಂದರೆ ನಮಗೆ ಎಲ್ಲರಿಗೂ ಆಗುವಂಥದ್ದು ಎನಿಸುತ್ತದೆ. ಹಾಳೆಯ ಪ್ರಕಾರ ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಜನರಿಗೆ ಅದು ಆಗಲೇ ಇಲ್ಲ. ಬ್ರಿಟನ್ನಿನ ಸಂಶೋಧಕರು ಇದನ್ನು ಪರೀಕ್ಷಿಸಿ ನೋಡಿದಾಗ ಅಲ್ಲಿನವರೂ ಈ ಪದಗಳಿಂದ ನಿಜಕ್ಕಿಂತ ಎಷ್ಟೋ ಪಟ್ಟು ಹೆಚ್ಚಿನ ಅಪಾಯವನ್ನು ಊಹಿಸಿದ್ದರು. ಹಾಗಾಗಿ ಪದ ಬಿಟ್ಟು ಭಿನ್ನರಾಶಿ ಓದುವುದೇ ಮೇಲು. ಕೆಲವು ಹಾಳೆಗಳಲ್ಲಿ 'ಪ್ರಮಾಣ ತಿಳಿದಿಲ್ಲ' ಎಂಬ ಗುಂಪೂ ಇರುತ್ತದೆ. ಅಪರೂಪಕ್ಕಿಂತ ಅಪರೂಪ ಎಂದು ಅದರ ಅರ್ಥವಲ್ಲ. ಮಾರಾಟಕ್ಕೆ ಬಂದ ಮೇಲೆ ಅಲ್ಲಿ ಇಲ್ಲಿ ವರದಿಯಾಗಿದೆ, ಒಟ್ಟು ಎಷ್ಟು ಜನ ನುಂಗಿದರು ಎಂಬ ಲೆಕ್ಕವಿಲ್ಲದ್ದರಿಂದ ಪಾಲು ಹಾಕಲಾಗಿಲ್ಲ ಎಂದಷ್ಟೇ.

ಫೋಟೋ ಮೋಸ ಮಾಡುವುದು ಇಲ್ಲಿಯೇ. 1/1,000 ಮತ್ತು 1/10,000 ನಡುವೆ ಇರುವುದು ಒಂದು ಸೊನ್ನೆ. ಮಸುಕಿನಲ್ಲಿ ಸೊನ್ನೆಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಇಂಗ್ಲಿಷಿನಲ್ಲಿ 'ಕಾಮನ್' ಮತ್ತು 'ಅನ್‌ಕಾಮನ್' ನಡುವೆ ಇರುವುದು ಎರಡು ಅಕ್ಷರ. ಅವು ಅಂಚಿನಲ್ಲಿ ಕತ್ತರಿಸಿಹೋದರೆ ಸಾವಿರದ ಲೆಕ್ಕ ನೂರರ ಲೆಕ್ಕವಾಗುತ್ತದೆ. ಸಮಾಧಾನವೆಂದರೆ ಇಲ್ಲಿ ತಪ್ಪು ಹಿಡಿಯಲು ದಾರಿಯಿದೆ. ಗುಂಪುಗಳು ಯಾವಾಗಲೂ ಹೆಚ್ಚಿನಿಂದ ಕಡಿಮೆಗೆ ಇಳಿಯುತ್ತಾ ಹೋಗುತ್ತವೆ. ಒಂದೇ ಅಂಗಾಂಗದ ಕೆಳಗೆ 'ಸಾಮಾನ್ಯ' ಎಂಬುದು ಎರಡು ಸಲ ಕಂಡರೆ ಎರಡನೆಯದರ ಮುಂದೆ ಏನೋ ಕಳಚಿದೆ. ಪದಕ್ಕೂ ಭಿನ್ನರಾಶಿಗೂ ಹೊಂದದಿದ್ದರೆ ಎರಡರಲ್ಲಿ ಒಂದು ಹಾಳಾಗಿದೆ.

ಡೈಕ್ಲೋಫೆನಾಕ್‌ನಲ್ಲಿ 'ಸಾಮಾನ್ಯ' ಗುಂಪಿನಲ್ಲಿ ಸಿಗುವುದು ತಲೆನೋವು, ತಲೆಸುತ್ತು, ವಾಕರಿಕೆ, ಭೇದಿ, ಎದೆಯುರಿ, ಹೊಟ್ಟೆನೋವು, ಮೈಮೇಲೆ ದದ್ದು, ಲಿವರಿನ ರಕ್ತಪರೀಕ್ಷೆಯಲ್ಲಿ ಏರಿಕೆ. ಹೃದಯಾಘಾತ, ಎದೆನೋವು ಇರುವುದು 'ಅಸಾಮಾನ್ಯ'ದಲ್ಲಿ. ಯುರೋಪಿನ ಪಠ್ಯದಲ್ಲಿ ಅದರ ತಲೆಯ ಮೇಲೊಂದು ಪುಟ್ಟ ನಕ್ಷತ್ರದ ಗುರುತಿರುತ್ತದೆ. ಆ ಗುರುತಿನ ಅಡಿಟಿಪ್ಪಣಿ ಪಟ್ಟಿಯ ಬುಡದಲ್ಲಿ: ಈ ಪ್ರಮಾಣ ದಿನಕ್ಕೆ 150 ಮಿಲಿಗ್ರಾಂನಂತೆ ದೀರ್ಘಕಾಲ ನುಂಗಿದವರ ಲೆಕ್ಕ. ಹಲ್ಲುನೋವಿಗೆ ಎರಡು ದಿನ ನುಂಗುವ ಯುವಕನಿಗೂ ವರ್ಷಗಟ್ಟಲೆ ನುಂಗುವವರಿಗೂ ಅದು ಒಂದೇ ಸಂಖ್ಯೆಯಲ್ಲ. ನಕ್ಷತ್ರ ಕಾಣಿಸಿ ಟಿಪ್ಪಣಿ ಕಾಣಿಸದ ಫೋಟೋ ಅಪೂರ್ಣ ಫೋಟೋ.

ಎಷ್ಟು ಜನರಿಗೆ ಎಂಬುದರ ಜೊತೆ, ಆದರೆ ಏನು ಮಾಡಬೇಕು ಎಂಬುದೂ ಬೇಕು. ವೈದ್ಯರ ಹಾಳೆ ಅದನ್ನು ಬಿಡಿಸಿ ಹೇಳುವುದಿಲ್ಲ, 'ಮೆಲೀನಾ' ಎಂದು ಬರೆದು ಮುಂದೆ ಹೋಗುತ್ತದೆ. ಮೆಲೀನಾ ಎಂದರೆ ಡಾಂಬರಿನಂತೆ ಕಪ್ಪಗೆ, ಅಂಟಂಟಾಗಿ, ಕೆಟ್ಟ ವಾಸನೆಯ ಮಲ. ಹೊಟ್ಟೆಯ ಮೇಲ್ಭಾಗದಲ್ಲಿ ರಕ್ತ ಸೋರುತ್ತಿರುವ ಗುರುತು. ಕಬ್ಬಿಣದ ಮಾತ್ರೆ ನುಂಗುವವರ ಮಲವೂ ಕಪ್ಪಗಿರುತ್ತದೆ, ಆದರೆ ಅದು ಹೀಗೆ ಅಂಟುವುದಿಲ್ಲ, ಈ ವಾಸನೆಯೂ ಇರುವುದಿಲ್ಲ. ಸಂಶಯವಿದ್ದರೆ ಕಾಯದೆ ಆಸ್ಪತ್ರೆಗೆ ಹೋಗುವುದೇ ಸರಿ. ಕಾಫಿ ಗಸಿಯಂಥ ವಾಂತಿ, ತುಟಿ ಮುಖದ ಊತ, ಉಸಿರು ಕಟ್ಟುವುದು, ಎದೆ ಹಿಡಿಯುವುದು, ಬಾಯಿಯೊಳಗೂ ಹಬ್ಬಿದ ಗುಳ್ಳೆ, ಕಣ್ಣು ಹಳದಿಯಾಗುವುದು, ಮೂತ್ರ ತೀರಾ ಕಡಿಮೆಯಾಗುವುದು, ಇವು ಸಾಮಾನ್ಯ ಗುಂಪಿನಲ್ಲಿ ಇಲ್ಲದಿದ್ದರೂ ಆದ ದಿನ ಮಾತ್ರೆ ನಿಲ್ಲಿಸಿ ಡಾಕ್ಟರ ಬಳಿ ಓಡಬೇಕಾದವು. ಎದೆಯುರಿ, ವಾಕರಿಕೆ ಸಾಮಾನ್ಯ ಗುಂಪಿನವು. ಊಟದ ನಂತರ ನುಂಗಿಯೂ ತಗ್ಗದಿದ್ದರೆ ಫೋನ್ ಸಾಕು.

ಮರುಫೋಟೋ ತೆಗೆಸಿದರೂ ಒಂದು ತುಂಡು ಓದಲಾಗದಿದ್ದರೆ ಅದೇ ಔಷಧದ ಪಠ್ಯವನ್ನು ಅಂತರ್ಜಾಲದಲ್ಲಿ ಹುಡುಕಿ ಹೋಲಿಸಬಹುದು. ಬ್ರಿಟನ್ನಿನ ಹಾಳೆಗಳು medicines.org.uk ತಾಣದಲ್ಲಿ ಸ್ಪಷ್ಟ ಅಕ್ಷರದಲ್ಲಿ ಸಿಗುತ್ತವೆ, ಹೆಚ್ಚಿನವಕ್ಕೆ ರೋಗಿಗಳಿಗೆಂದೇ ಬರೆದ ಪ್ರತಿಯೂ ಇರುತ್ತದೆ. ಕಂಪನಿ ಬೇರೆ, ದೇಶ ಬೇರೆ ಆದ್ದರಿಂದ ಡೋಸಿಗೆ ಅದನ್ನು ನಂಬಿ ಕೂರುವಂತಿಲ್ಲ. ಮಡಿಕೆಯಲ್ಲಿ ಮುಚ್ಚಿಹೋದ ಪದ ಯಾವುದಿರಬಹುದು ಎಂಬ ಅನುಮಾನ ಪರಿಹರಿಸಲು ಅಷ್ಟು ಸಾಕು. ಅದಕ್ಕಿಂತ ಹತ್ತಿರದ ದಾರಿ ಅಂಗಡಿಯ ಫಾರ್ಮಾಸಿಸ್ಟರನ್ನು ಕೇಳುವುದು. ಅವರ ಕೈಯಲ್ಲಿ ಮೂಲ ಹಾಳೆಯೇ ಇರುತ್ತದೆ.

ಮಾತ್ರೆ ನುಂಗಿದ ಮೇಲೆ ನಿಜಕ್ಕೂ ಏನಾದರೂ ಆದರೆ, ಅದು ಹಾಳೆಯಲ್ಲಿ ಇರಲಿ ಇಲ್ಲದಿರಲಿ, ವರದಿ ಮಾಡಲು ಜನಸಾಮಾನ್ಯರಿಗೂ ಅವಕಾಶವಿದೆ. 2010ರಲ್ಲಿ ಶುರುವಾದ ಭಾರತದ ಫಾರ್ಮಕೋವಿಜಿಲೆನ್ಸ್ ಕಾರ್ಯಕ್ರಮವನ್ನು ಗಾಜಿಯಾಬಾದಿನ ಇಂಡಿಯನ್ ಫಾರ್ಮಕೋಪಿಯಾ ಕಮಿಷನ್ ನಡೆಸುತ್ತದೆ. ಅದರ ಉಚಿತ ದೂರವಾಣಿ 1800-180-3024. ಹಾಳೆಯ 'ಪ್ರಮಾಣ ತಿಳಿದಿಲ್ಲ' ಗುಂಪಿನಲ್ಲಿರುವ ಹೆಸರುಗಳು ಬಂದಿರುವುದೇ ಇಂಥ ವರದಿಗಳಿಂದ. ಏನಾಯಿತು, ಯಾವಾಗ ಶುರುವಾಯಿತು, ಜೊತೆಗೆ ಯಾವ್ಯಾವ ಮಾತ್ರೆ ನಡೆಯುತ್ತಿತ್ತು ಎಂಬುದರ ಜೊತೆ ಬ್ಯಾಚ್ ನಂಬರನ್ನೂ ಕೇಳುತ್ತಾರೆ. ಅದು ಮಾಹಿತಿ ಹಾಳೆಯಲ್ಲಿ ಇರುವುದಿಲ್ಲ, ಪಟ್ಟಿಯ ಒಂದು ತುದಿಯಲ್ಲಿ ಎಕ್ಸ್‌ಪೈರಿ ದಿನಾಂಕದ ಪಕ್ಕದಲ್ಲಿ ಒತ್ತಿರುತ್ತದೆ. ಅಂಗಡಿಯವರು ಐದು ಮಾತ್ರೆ ಕತ್ತರಿಸಿ ಕೊಡುವಾಗ ಆ ತುದಿ ಹಲವು ಸಲ ಡಬ್ಬಿಯಲ್ಲೇ ಉಳಿದುಬಿಡುತ್ತದೆ, ಹಾಗಾಗಿ ಹಾಳೆಯ ಫೋಟೋ ತೆಗೆಯುವಾಗಲೇ ಅದರದೂ ಒಂದು ತೆಗೆದಿಟ್ಟುಕೊಳ್ಳಬೇಕು.